ಹೊಳೆಯುವುದೆಲ್ಲ ಕ್ಯಾನ್ಸರ್ ಅಲ್ಲ

ಪೆಟ್ ಸ್ಕ್ಯಾನ್ ಚಿತ್ರವನ್ನು ಮೊದಲ ಸಲ ನೋಡುವವರು ಬೆಚ್ಚಿಬೀಳುವುದು ತಲೆಯ ಭಾಗವನ್ನು ಕಂಡು. ಮಿದುಳು ಪೂರ್ತಿ ಹೊತ್ತಿ ಉರಿಯುವಂತೆ ಕಾಣುತ್ತದೆ. ಕೆಳಗೆ ಮೂತ್ರಕೋಶವೂ ಹಾಗೆಯೇ ಇರುತ್ತದೆ. ಕೆಲವರಲ್ಲಿ ಹೃದಯವೂ ಹೊಳೆಯುತ್ತದೆ, ಕೆಲವರಲ್ಲಿ ಇಲ್ಲ. ಇವರೆಲ್ಲ ಆ ಭಾಗಗಳಲ್ಲಿ ಯಾವ ಕಾಯಿಲೆಯೂ ಇಲ್ಲದವರು. ಮಿದುಳು ಹಗಲೂ ರಾತ್ರಿ ಗ್ಲೂಕೋಸ್ ತಿನ್ನುವ ಅಂಗ, ಅದಕ್ಕೇ ಹೊಳೆಯುತ್ತದೆ. ಚುಚ್ಚಿದ ಔಷಧದ ಒಂದಷ್ಟು ಪಾಲು ಮೂತ್ರದಲ್ಲಿ ಹೊರಹೋಗುತ್ತದೆ, ಅದಕ್ಕೇ ಮೂತ್ರಕೋಶ ಹೊಳೆಯುತ್ತದೆ. ಪೆಟ್ ಸ್ಕ್ಯಾನ್ ಹುಡುಕುವುದು ಕ್ಯಾನ್ಸರ್ ಅನ್ನಲ್ಲ, ಸಕ್ಕರೆಯ ಹಸಿವನ್ನು. ಕ್ಯಾನ್ಸರ್ ಕಣಗಳಿಗೆ ಆ ಹಸಿವು ಜಾಸ್ತಿ, ನಿಜ. ಆದರೆ ಆ ಹಸಿವು ಇನ್ನೂ ಕೆಲವರಿಗೆ ಇದೆ.

ನಾನು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನಾಲಜಿಸ್ಟ್. ರೋಗಿಗೆ ಇಂಜೆಕ್ಷನ್ ಕೊಡುವುದು, ಒಂದು ಗಂಟೆ ಕಾಯಿಸುವುದು, ಯಂತ್ರದ ಮೇಲೆ ಮಲಗಿಸುವುದು ನಮ್ಮ ಕೆಲಸ. ವರದಿ ಬರೆಯುವವರು ವೈದ್ಯರು. ಆದರೂ ಕಾರಿಡಾರಿನಲ್ಲಿ ಜನ ನಿಲ್ಲಿಸಿ ಕೇಳುವುದು ನಮ್ಮನ್ನೇ. ಅವರ ಬೆರಳು ಯಾವಾಗಲೂ ವರದಿಯಲ್ಲಿ SUVmax ಎಂಬ ಪದದ ಮುಂದಿರುವ ಅಂಕಿಯ ಮೇಲೇ ಇರುತ್ತದೆ. ಕಳೆದ ವರ್ಷ ಅಂಥದೊಂದು ವರದಿ ನಮ್ಮ ಮನೆಗೇ ಬಂತು. ಆ ಕಥೆಗೆ ಹೋಗುವ ಮುಂಚೆ ಈ ಅಂಕಿ ಹುಟ್ಟುವ ಬಗೆಯನ್ನು ಹೇಳಿಬಿಡುತ್ತೇನೆ.

ಚುಚ್ಚುವ ಔಷಧದ ಹೆಸರು ಎಫ್‌ಡಿಜಿ. ಗ್ಲೂಕೋಸ್ ಅಣುವಿನಲ್ಲಿ ಒಂದು ಸಣ್ಣ ಭಾಗ ಕಿತ್ತು, ಆ ಜಾಗದಲ್ಲಿ ವಿಕಿರಣ ಸೂಸುವ ಫ್ಲೋರಿನ್-18 ಕೂರಿಸಿರುತ್ತಾರೆ. ಜೀವಕೋಶದ ಬಾಗಿಲಿಗೆ ಇದು ಗ್ಲೂಕೋಸ್‌ನಂತೆಯೇ ಕಾಣುವುದರಿಂದ ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗಿನ ಮೊದಲ ಕಿಣ್ವವೂ ಮೋಸ ಹೋಗಿ, ಅದಕ್ಕೊಂದು ಫಾಸ್ಫೇಟ್ ಅಂಟಿಸುತ್ತದೆ. ಮುಂದಿನ ಹಂತದಲ್ಲಿ ಮಾತ್ರ ಗುಟ್ಟು ರಟ್ಟಾಗುತ್ತದೆ. ಅಣುವಿನ ಆಕಾರ ಹೊಂದದೆ ಅದು ಅಲ್ಲೇ ನಿಲ್ಲುತ್ತದೆ. ಫಾಸ್ಫೇಟ್ ಅಂಟಿರುವುದರಿಂದ ಸುಲಭವಾಗಿ ಹೊರಗೂ ಬರಲಾರದು. ಹೀಗೆ ಯಾವ ಕೋಶ ಹೆಚ್ಚು ಸಕ್ಕರೆ ಎಳೆದುಕೊಳ್ಳುತ್ತದೋ ಅಲ್ಲಿ ಎಫ್‌ಡಿಜಿ ಗುಡ್ಡೆ ಬೀಳುತ್ತದೆ. ಫ್ಲೋರಿನ್-18 ಸೂಸುವ ಕಣದಿಂದ ಎರಡು ಕಿರಣಗಳು ಹುಟ್ಟಿ, ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಓಡುತ್ತವೆ. ಸುತ್ತಲಿನ ಉಂಗುರದಂಥ ಯಂತ್ರ ಎರಡನ್ನೂ ಒಟ್ಟಿಗೆ ಹಿಡಿದು, ಅವು ಯಾವ ಗೆರೆಯ ಮೇಲಿಂದ ಹೊರಟವು ಎಂದು ಗುರುತಿಸುತ್ತದೆ. ಇಂಥ ಲಕ್ಷಾಂತರ ಗೆರೆಗಳಿಂದ ಚಿತ್ರ ಮೂಡುತ್ತದೆ.

ಒಂದು ತಮಾಷೆಯ ಸಂಗತಿ. 1976ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ತಯಾರಾದ ಈ ಔಷಧವನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಬಾರಿ ಮನುಷ್ಯರಿಗೆ ಕೊಟ್ಟಾಗ, ನೋಡಬೇಕಾಗಿದ್ದದ್ದು ಮಿದುಳನ್ನು. ಕ್ಯಾನ್ಸರ್ ಆಮೇಲೆ ಸೇರಿಕೊಂಡ ಬಾಡಿಗೆದಾರ.

ಇನ್ನು ಅಂಕಿಯ ವಿಷಯ. ಎಸ್‌ಯುವಿ ಎಂದರೆ ಹೋಲಿಕೆಯ ಲೆಕ್ಕ. ಒಂದು ಕೊಳಗ ನೀರಿಗೆ ಬೆಲ್ಲ ಹಾಕಿ ಚೆನ್ನಾಗಿ ಕದಡಿದರೆ, ಯಾವ ಮೂಲೆಯಿಂದ ಸೌಟು ತೆಗೆದರೂ ಪಾನಕದ ಸಿಹಿ ಒಂದೇ. ಚುಚ್ಚಿದ ಔಷಧ ಮೈಯಲ್ಲಿ ಹಾಗೆ ಸಮನಾಗಿ ಕದಡಿಹೋಗಿದ್ದರೆ ಪ್ರತಿ ಜಾಗದ ಎಸ್‌ಯುವಿ ಸುಮಾರು 1 ಇರುತ್ತಿತ್ತು. ಒಂದು ಗಂಟಿನಲ್ಲಿ 5 ಎಂದರೆ, ಸಮನಾಗಿ ಹಂಚಿದ್ದರೆ ಬರಬೇಕಾದ ಪಾಲಿನ ಐದು ಪಟ್ಟು ಅಲ್ಲಿ ಸೇರಿಕೊಂಡಿದೆ ಎಂದು ಅರ್ಥ. ಅಷ್ಟೇ. ಸೂತ್ರ ಹೀಗಿದೆ:

SUV = ಆ ಜಾಗದ ವಿಕಿರಣ (Bq/ml) ÷ [ಚುಚ್ಚಿದ ಒಟ್ಟು ವಿಕಿರಣ (Bq) ÷ ದೇಹದ ತೂಕ (g)]

ಈಗ ನಮ್ಮ ಮನೆಯ ಕಥೆ. ನಮ್ಮ ದೊಡ್ಡಮ್ಮನಿಗೆ 58 ವರ್ಷ. ಮೂರು ವರ್ಷದ ಹಿಂದೆ ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಗಿತ್ತು. ಆಮೇಲೆ ಆರಾಮವಾಗಿ ಎದ್ದು, ತೋಟಕ್ಕೆ ಓಡಾಡಿಕೊಂಡಿದ್ದರು. ಕಳೆದ ವರ್ಷ ಸಂಜೆಯಾದರೆ ಮೈ ಬೆಚ್ಚಗಾಗುವುದು, ಒಣಕೆಮ್ಮು, ಎರಡು ತಿಂಗಳಲ್ಲಿ ನಾಲ್ಕು ಕೆಜಿ ಇಳಿಕೆ ಶುರುವಾಯಿತು. ಎದೆಯ ಸಿಟಿಯಲ್ಲಿ ಶ್ವಾಸನಾಳದ ಸುತ್ತ ಗಂಟುಗಳು ಕಂಡವು. ಹಳೆಯ ಕ್ಯಾನ್ಸರ್ ಇದ್ದದ್ದರಿಂದ ಪೆಟ್ ಸ್ಕ್ಯಾನ್ ಬರೆದುಕೊಟ್ಟರು. ವರದಿ ಕೈಗೆ ಬಂದ ರಾತ್ರಿಯೇ ಅಣ್ಣ ಫೋನ್ ಮಾಡಿದ.

'ಏನೇ ಇದು, ಒಂಬತ್ತು ಪಾಯಿಂಟ್ ಎರಡು ಅಂತ ಹಾಕಿದಾರೆ? ಅಂದ್ರೆ ಎಷ್ಟನೇ ಸ್ಟೇಜು?'

ಅವನು ಎಂಬಿಎ ಮುಗಿಸಿ ಪುಣೆಯ ಕಂಪನಿಗೆ ಸೇರಲು ಇನ್ನು ಹದಿನೈದು ದಿನ ಇತ್ತು. ಬರುವುದಿಲ್ಲ ಎಂದು ಮೇಲ್ ಬರೆದು ಇಟ್ಟುಕೊಂಡಿದ್ದ. ಕಳಿಸಿರಲಿಲ್ಲ.

ಎಸ್‌ಯುವಿಗೂ ಸ್ಟೇಜಿಗೂ ಸಂಬಂಧವಿಲ್ಲ. ಕ್ಯಾನ್ಸರ್‌ನ ಸ್ಟೇಜ್ ಹೇಳುವುದು ಗಡ್ಡೆ ಎಷ್ಟು ದೊಡ್ಡದು, ಎಲ್ಲೆಲ್ಲಿಗೆ ಹರಡಿದೆ ಎಂಬುದನ್ನು. ಎಸ್‌ಯುವಿ ಹೇಳುವುದು ಒಂದು ಜಾಗ ಎಷ್ಟು ಸಕ್ಕರೆ ಎಳೆಯುತ್ತಿದೆ ಎಂಬುದನ್ನು. ದೊಡ್ಡಮ್ಮನ ಲೆಕ್ಕವನ್ನೇ ಬಿಡಿಸೋಣ. ಅವರ ತೂಕ 54 ಕೆಜಿ, ಅಂದರೆ 54,000 ಗ್ರಾಂ. ಚುಚ್ಚಿದ್ದು 270 ಮೆಗಾ ಬೆಕ್ವೆರೆಲ್, ಅಂದರೆ 27 ಕೋಟಿ ಬೆಕ್ವೆರೆಲ್. ಭಾಗಿಸಿದರೆ ಗ್ರಾಂಗೆ 5,000. ಇದು ಸಮನಾಗಿ ಹಂಚಿದ್ದರೆ ಬರುವ ಪಾಲು. ಗಂಟಿನ ಅತಿ ಪ್ರಖರ ಚುಕ್ಕಿಯಲ್ಲಿ ಯಂತ್ರ ಅಳೆದದ್ದು ಮಿಲಿಲೀಟರ್‌ಗೆ 46,000. ಅದನ್ನು 5,000ದಿಂದ ಭಾಗಿಸಿದರೆ 9.2. ಅವರ ಆರೋಗ್ಯವಾದ ಯಕೃತ್ತಿನಲ್ಲಿ 11,000 ಇತ್ತು, ಅಂದರೆ 2.2. ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ. ಒಂದು ಗಂಟೆ ಕಾಯುವಷ್ಟರಲ್ಲಿ ಶೇ 68ರಷ್ಟು ಮಾತ್ರ ಉಳಿದಿರುತ್ತದೆ. ಕರಗಿಹೋದ ಪಾಲನ್ನು ಕಂಪ್ಯೂಟರ್ ಲೆಕ್ಕ ಹಾಕಿ ಸೇರಿಸಿಕೊಳ್ಳುತ್ತದೆ.

ಸೂತ್ರದಲ್ಲಿ ತೂಕ ಇದೆಯಲ್ಲ, ಅದನ್ನು ಟೈಪ್ ಮಾಡುವವರು ನಮ್ಮಂಥವರು. 54ರ ಬದಲು 64 ಎಂದು ಬಿದ್ದರೆ ಅದೇ ಗಂಟು, ಅದೇ ದಿನ, 10.9 ಆಗಿಬಿಡುತ್ತದೆ. ಅದಕ್ಕೇ ರೋಗಿ ಬಾಯಲ್ಲಿ ಹೇಳಿದ ತೂಕವನ್ನು ಬರೆದುಕೊಳ್ಳದೆ ತಕ್ಕಡಿಯ ಮೇಲೆ ನಿಲ್ಲಿಸುತ್ತೇವೆ. ಸಮಯವೂ ಹಾಗೆ. 60 ನಿಮಿಷಕ್ಕೆ ಮಾಡಿದ ಸ್ಕ್ಯಾನಿಗೂ 90 ನಿಮಿಷಕ್ಕೆ ಮಾಡಿದ ಸ್ಕ್ಯಾನಿಗೂ ಅಂಕಿ ಬೇರೆ ಬರುತ್ತದೆ, ಏಕೆಂದರೆ ಗಡ್ಡೆ ಇನ್ನೂ ಎಳೆದುಕೊಳ್ಳುತ್ತಲೇ ಇರುತ್ತದೆ. ಇಂಜೆಕ್ಷನ್ ರಕ್ತನಾಳ ತಪ್ಪಿ ತೋಳಿನ ಮಾಂಸಕ್ಕೆ ಸ್ವಲ್ಪ ಸೋರಿದರೆ, ದೇಹಕ್ಕೆ ತಲುಪಿದ್ದು ಕಡಿಮೆ, ಲೆಕ್ಕಕ್ಕೆ ಹಿಡಿದದ್ದು ಪೂರ್ತಿ, ಹಾಗಾಗಿ ಅಂಕಿ ಇಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಊಟ. ಸ್ಕ್ಯಾನಿಗೆ ಮುಂಚೆ ನಾಲ್ಕರಿಂದ ಆರು ಗಂಟೆ ಏನೂ ತಿನ್ನಬಾರದು, ಬರೀ ನೀರು. 'ಏನೂ ತಿಂದಿಲ್ಲ ಕಣಮ್ಮ' ಎಂದ ಹಿರಿಯರೊಬ್ಬರ ಚಿತ್ರದಲ್ಲಿ ತೊಡೆ, ಭುಜ, ಬೆನ್ನಿನ ಸ್ನಾಯುಗಳೆಲ್ಲ ಹೊಳೆಯುತ್ತಿದ್ದವು. ಮತ್ತೆ ಕೇಳಿದಾಗ, 'ಕಾಫಿ ತಿಂದಂಗಾ? ಅರ್ಧ ಲೋಟ ಕುಡಿದೆ, ಜೊತೆಗೆ ಎರಡು ಬನ್ನು' ಎಂದರು. ತಿಂದ ಮೇಲೆ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ಸಕ್ಕರೆಯನ್ನು ಸ್ನಾಯುಗಳಿಗೆ ತಳ್ಳುತ್ತದೆ, ಜೊತೆಗೆ ಎಫ್‌ಡಿಜಿಯೂ ಅಲ್ಲಿಗೇ ಹೋಗುತ್ತದೆ. ಗಡ್ಡೆಗೆ ಉಳಿಯುವುದು ಕಡಿಮೆ. ಅವರನ್ನು ಇನ್ನೊಂದು ದಿನ ಬರಲು ಹೇಳಬೇಕಾಯಿತು. ಔಷಧ ಚುಚ್ಚಿದ ಮೇಲೆ ಮಾತಾಡಬೇಡಿ, ಏನೂ ಅಗಿಯಬೇಡಿ ಎನ್ನುವುದೂ ಇದಕ್ಕೇ. ಹರಟೆ ಹೊಡೆದರೆ ಗಂಟಲಿನ ಸ್ನಾಯು ಹೊಳೆಯುತ್ತದೆ. ಕಾಯುವ ಕೋಣೆ ತಣ್ಣಗಿದ್ದರೆ ಕತ್ತಿನ ಇಕ್ಕೆಲದಲ್ಲಿರುವ ಕಂದು ಕೊಬ್ಬು ಮೈ ಬೆಚ್ಚಗಿಡಲು ಸಕ್ಕರೆ ಸುಡುತ್ತದೆ. ಅದು ಚಿತ್ರದಲ್ಲಿ ಕತ್ತಿನ ಗಂಟುಗಳಂತೆಯೇ ಕಾಣುತ್ತದೆ. ಸೆಖೆಯ ದಿನವೂ ನಾವು ಕಂಬಳಿ ಹೊದಿಸಿದರೆ ಬೈಯಬೇಡಿ.

ಇದೆಲ್ಲ ಸರಿಯಾಗಿದ್ದು, 9.2 ನಿಜವಾಗಿಯೂ 9.2 ಆಗಿದ್ದರೂ ಅದು ಕ್ಯಾನ್ಸರ್ ಎಂದು ಹೇಳಲಾಗುವುದಿಲ್ಲ. ಇಲ್ಲಿ ಬರುವುದು ಉರಿಯೂತದ ವಿಷಯ.

ಸೋಂಕು ತಗುಲಿದ ಜಾಗಕ್ಕೆ ಬಿಳಿರಕ್ತಕಣಗಳು ಓಡಿಬರುತ್ತವೆ. ಅವುಗಳಲ್ಲಿ ಮ್ಯಾಕ್ರೋಫೇಜ್ ಎಂಬವು ರೋಗಾಣುವನ್ನು ನುಂಗಿ ಕೊಲ್ಲುವ ಕಣಗಳು. ಸುಮ್ಮನಿದ್ದಾಗ ಇವಕ್ಕೆ ಅಷ್ಟೇನೂ ಹಸಿವಿಲ್ಲ. ಯುದ್ಧ ಶುರುವಾದರೆ ಕೋಶದ ಗೋಡೆಯಲ್ಲಿ ಗ್ಲೂಕೋಸ್ ಬಾಗಿಲುಗಳನ್ನು ಹೆಚ್ಚಿಸಿಕೊಳ್ಳುತ್ತವೆ, ಒಳಗಿನ ಕಿಣ್ವವನ್ನೂ ಹೆಚ್ಚಿಸಿಕೊಳ್ಳುತ್ತವೆ. ರೋಗಾಣುವನ್ನು ಸುಡಲು ಬೇಕಾದ ರಾಸಾಯನಿಕ ತಯಾರಿಸಲು, ಆಮ್ಲಜನಕ ಕಡಿಮೆ ಇರುವ ಕೀವಿನ ನಡುವೆ ಬದುಕಲು, ಅವಕ್ಕೆ ಬೇಗ ಸಿಗುವ ಶಕ್ತಿ ಬೇಕು. ಕ್ಯಾನ್ಸರ್ ಕಣ ಹಿಡಿಯುವುದೂ ಹೆಚ್ಚುಕಡಿಮೆ ಇದೇ ದಾರಿ. ಬಾಗಿಲೂ ಅದೇ, ಕಿಣ್ವವೂ ಅದೇ. ಎಫ್‌ಡಿಜಿಗೆ ತನ್ನನ್ನು ಒಳಗೆ ಕರೆದವರು ಶತ್ರುವೋ ಕಾವಲುಗಾರನೋ ಗೊತ್ತಾಗುವುದಿಲ್ಲ.

ಇದನ್ನು ಚೊಕ್ಕವಾಗಿ ತೋರಿಸಿದವರು ಜಪಾನಿನ ಕುಬೋಟಾ ಮತ್ತು ಸಂಗಡಿಗರು. 1992ರಲ್ಲಿ ಅವರು ಗಡ್ಡೆಯಿದ್ದ ಇಲಿಗಳಿಗೆ ಎಫ್‌ಡಿಜಿ ಕೊಟ್ಟು, ಗಡ್ಡೆಯನ್ನು ತೆಳುವಾಗಿ ಸೀಳಿ, ಔಷಧ ಯಾವ ಕೋಶದಲ್ಲಿ ಕೂತಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕ್ಯಾನ್ಸರ್ ಕಣಗಳಿಗಿಂತ ಅವುಗಳ ಸುತ್ತ ನೆರೆದಿದ್ದ ಮ್ಯಾಕ್ರೋಫೇಜ್‌ಗಳಲ್ಲಿ ಮತ್ತು ಗಾಯ ಮಾಯುವಾಗ ಹುಟ್ಟುವ ಎಳೆಯ ಅಂಗಾಂಶದಲ್ಲಿ ಅದು ಹೆಚ್ಚಿತ್ತು. ಅಂದರೆ ಗಡ್ಡೆ ಹೊಳೆಯುವಾಗಲೂ ಆ ಬೆಳಕಿನಲ್ಲಿ ಒಂದು ಪಾಲು ಉರಿಯೂತದ್ದೇ.

ನಮ್ಮ ದೇಶದಲ್ಲಿ ಈ ಗೊಂದಲಕ್ಕೆ ದೊಡ್ಡ ಹೆಸರು ಕ್ಷಯ. ಕ್ಷಯದ ಗಂಟು ಎಂದರೆ ಮ್ಯಾಕ್ರೋಫೇಜ್‌ಗಳೇ ಒತ್ತೊತ್ತಾಗಿ ಕೂಡಿ, ರೋಗಾಣುವಿನ ಸುತ್ತ ಕಟ್ಟಿದ ಕೋಟೆ. ಅದು ಚುರುಕಾಗಿರುವಾಗ ಎಸ್‌ಯುವಿ ಕ್ಯಾನ್ಸರ್ ಗಂಟಿನಷ್ಟೇ ಏರಬಹುದು, ಕೆಲವೊಮ್ಮೆ ಮೀರಬಹುದು. ಶ್ವಾಸಕೋಶದ ಗಂಟಿಗೆ 2.5 ದಾಟಿದರೆ ಕ್ಯಾನ್ಸರ್ ಎಂದು ಎಲ್ಲೋ ಓದಿಕೊಂಡು ಬರುವವರಿದ್ದಾರೆ. ಹಳೆಯ ಅಧ್ಯಯನಗಳಿಂದ ಬಂದು ಅಂಟಿಕೊಂಡ ಗೆರೆ ಅದು. ಕ್ಷಯ ಮನೆಮನೆಯ ಮಾತಾಗಿರುವ ಕಡೆ ಅದನ್ನು ನಂಬಿ ಕೂರುವಂತಿಲ್ಲ. ಇನ್ನೊಂದು ಮಗ್ಗುಲೂ ಇದೆ. ನಿಧಾನವಾಗಿ ಬೆಳೆಯುವ ಕೆಲವು ಶ್ವಾಸಕೋಶದ ಕ್ಯಾನ್ಸರ್‌ಗಳು, ಲೋಳೆ ತುಂಬಿದ ಗಡ್ಡೆಗಳು ಹೊಳೆಯುವುದೇ ಇಲ್ಲ ಎನ್ನುವಷ್ಟು ಮಂಕು. ಎಂಟು ಹತ್ತು ಮಿಲಿಮೀಟರ್‌ಗಿಂತ ಚಿಕ್ಕ ಗಂಟಿನ ಬೆಳಕು ಅಕ್ಕಪಕ್ಕಕ್ಕೆ ಹರಡಿಹೋಗಿ, ಅಂಕಿ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಕಡಿಮೆ ಅಂಕಿ ಬಂತೆಂದು ಸಿಹಿ ಹಂಚುವುದೂ ಅವಸರವೇ.

ಹಾಗಾದರೆ ವೈದ್ಯರು ಏನು ನೋಡುತ್ತಾರೆ? ಅಂಕಿಗಿಂತ ಮೊದಲು ನಕ್ಷೆಯನ್ನು. ದೊಡ್ಡಮ್ಮನ ಚಿತ್ರದಲ್ಲಿ ಗಂಟುಗಳು ಎದೆಯ ನಡುವೆ, ಎಡಬಲ ಎರಡೂ ಕಡೆ ಸುಮಾರು ಒಂದೇ ತರಹ ಇದ್ದವು. ಎರಡು ಗಂಟುಗಳ ಅಂಚು ಹೊಳೆಯುತ್ತಿತ್ತು, ನಡುವೆ ಮಂಕು, ಅಂದರೆ ಒಳಗೆ ಕೊಳೆತಿರಬಹುದು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಚಿಕ್ಕದೊಂದು ಮಚ್ಚೆ. ಹಳೆಯ ಆಪರೇಷನ್ ಜಾಗ, ಎಡ ಕಂಕುಳು, ಯಕೃತ್ತು, ಮೂಳೆ ಎಲ್ಲ ಶುಭ್ರ. ಸ್ತನದ ಕ್ಯಾನ್ಸರ್ ಮರಳಿದರೆ ಈ ಜಾಗಗಳಲ್ಲಿ ಎಲ್ಲಾದರೂ ಸುಳಿವು ಸಿಗುವುದುಂಟು. ಜೊತೆಗೆ ಸಂಜೆಯ ಜ್ವರ. ಎಲ್ಲ ಕೂಡಿಸಿದರೆ ತಕ್ಕಡಿ ಕ್ಷಯದ ಕಡೆ ವಾಲುತ್ತದೆ. ಆದರೆ ಸ್ತನದ ಕ್ಯಾನ್ಸರ್ ಎದೆಯ ಗಂಟುಗಳಿಗೂ ಹೋಗಬಲ್ಲದು, ಕೊಳೆತ ಕ್ಯಾನ್ಸರ್ ಗಂಟೂ ನಡುವೆ ಮಂಕಾಗಿರಬಲ್ಲದು. ವಾಲಿದ ತಕ್ಕಡಿಯ ಮೇಲೆ ಔಷಧ ಶುರುಮಾಡಲಾಗದು.

ವರದಿಯ ಕೊನೆಯ ಪುಟದಲ್ಲಿ ಇದೇ ಇತ್ತು. ಗಂಟುಗಳು ಚುರುಕಾಗಿವೆ, ಸೋಂಕಿನದಿರಬಹುದು, ಹರಡಿದ ಕ್ಯಾನ್ಸರ್ ಕೂಡ ಇರಬಹುದು, ಅಂಗಾಂಶ ತೆಗೆದು ಪರೀಕ್ಷಿಸಬೇಕು. ಅಣ್ಣ ಅಲ್ಲಿಯವರೆಗೆ ಓದಿಯೇ ಇರಲಿಲ್ಲ. ಅವನದೊಂದೇ ಅಲ್ಲ, ಬಹುಪಾಲು ಮನೆಯವರ ಓದು ದಪ್ಪಕ್ಷರದ ಅಂಕಿಗೇ ನಿಲ್ಲುತ್ತದೆ. ನನ್ನನ್ನು ಕೇಳಿದರೆ ಆ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕುವ ಅಭ್ಯಾಸವನ್ನೇ ಬಿಡಬೇಕು.

ಊರಿನಲ್ಲಿ ಒಬ್ಬರು, 'ಸೂಜಿ ಚುಚ್ಚಿದ್ರೆ ಗಂಟು ಕೆರಳುತ್ತೆ, ಸುಮ್ನೆ ಕೀಮೋ ಶುರು ಮಾಡ್ಸಿ' ಎಂದರಂತೆ. ಇದು ಕೇಳಲು ಚುರುಕಾದ ಸಲಹೆ, ಆದರೆ ಅಪಾಯದ್ದು. ಒಳಗಿರುವುದು ಕ್ಷಯವಾಗಿದ್ದು ಕೀಮೋ ಕೊಟ್ಟರೆ, ಕೋಟೆ ಕಟ್ಟಿ ಕಾಯುತ್ತಿರುವ ಬಿಳಿರಕ್ತಕಣಗಳನ್ನೇ ಕೆಡವಿದಂತೆ. ಸೋಂಕು ಇಡೀ ಮೈಗೆ ಹರಡಬಹುದು. ಕ್ಯಾನ್ಸರ್ ಆಗಿದ್ದು ಕ್ಷಯದ ಮಾತ್ರೆ ಕೊಟ್ಟು ನೋಡೋಣ ಎಂದರೆ ತಿಂಗಳುಗಟ್ಟಲೆ ಸಮಯ ಹೋಗುತ್ತದೆ.

ಮುಂದಿನ ವಾರ ದೊಡ್ಡಮ್ಮನಿಗೆ ಮಂಪರು ಬರಿಸಿ, ಬಾಯಿಂದ ಶ್ವಾಸನಾಳಕ್ಕೆ ತೆಳು ಕೊಳವೆ ಇಳಿಸಿದರು. ಅದರ ತುದಿಯಲ್ಲೇ ಅಲ್ಟ್ರಾಸೌಂಡ್ ಇರುತ್ತದೆ. ಶ್ವಾಸನಾಳದ ಗೋಡೆಯಾಚೆಗಿನ ಗಂಟನ್ನು ಅದರಲ್ಲಿ ನೋಡುತ್ತ, ಗೋಡೆಯ ಮೂಲಕ ಸೂಜಿ ಹಾಕಿ ಮಾದರಿ ತೆಗೆದರು. ಎಲ್ಲಿ ಚುಚ್ಚಬೇಕು ಎಂದು ನಿರ್ಧರಿಸಲು ಕೆಲಸಕ್ಕೆ ಬಂದದ್ದು ಪೆಟ್ ಚಿತ್ರವೇ. ಅತಿ ಹೆಚ್ಚು ಹೊಳೆದ, ಸೂಜಿಗೆ ಎಟಕುವ ಗಂಟನ್ನು ಆರಿಸಿ, ಮಂಕಾದ ನಡುಭಾಗ ಬಿಟ್ಟು, ಹೊಳೆಯುವ ಅಂಚಿಗೆ ಗುರಿಯಿಟ್ಟರು. ನಡುವಿನಲ್ಲಿ ಸತ್ತ ಕೋಶ ಮಾತ್ರ ಸಿಕ್ಕಿದ್ದರೆ ಉತ್ತರ ಸಿಗುತ್ತಿರಲಿಲ್ಲ. ಮಾದರಿಯ ಒಂದು ಪಾಲು ಪೆಥಾಲಜಿಗೆ, ಇನ್ನೊಂದು ಪಾಲು ಕ್ಷಯದ ರೋಗಾಣುವಿನ ವಂಶವಾಹಿ ಹುಡುಕುವ ಸಿಬಿನಾಟ್ ಪರೀಕ್ಷೆಗೆ ಹೋಯಿತು. ಎರಡನೇ ಪಾಲನ್ನು ಕಳಿಸುವುದು ಮುಖ್ಯ. ಕ್ಯಾನ್ಸರ್ ಒಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಇಡೀ ಮಾದರಿಯನ್ನು ಫಾರ್ಮಲಿನ್‌ಗೆ ಹಾಕಿಬಿಟ್ಟರೆ ರೋಗಾಣುವನ್ನು ಬೆಳೆಸಿ ನೋಡುವ ಅವಕಾಶ ತಪ್ಪಿಹೋಗುತ್ತದೆ.

ಸಿಬಿನಾಟ್ ಮರುದಿನವೇ ಹೇಳಿತು: ಕ್ಷಯ, ರಿಫಾಂಪಿಸಿನ್ ಔಷಧಕ್ಕೆ ಬಗ್ಗುವಂಥದ್ದು. ನಾಲ್ಕು ದಿನದ ಮೇಲೆ ಬಂದ ಪೆಥಾಲಜಿ ವರದಿಯಲ್ಲಿ ಮ್ಯಾಕ್ರೋಫೇಜ್‌ಗಳ ಕೋಟೆ, ನಡುವೆ ಕೊಳೆತ ಭಾಗ, ಕ್ಯಾನ್ಸರ್ ಕಣ ಇಲ್ಲ. ದೊಡ್ಡಮ್ಮ ಕೇಳಿದ್ದು ಒಂದೇ ಮಾತು: 'ಟೀಬಿನಾ? ಅಯ್ಯೋ, ಅಷ್ಟೇನಾ?' ಟಿಬಿ ಎಂದರೆ ಅಷ್ಟೇನಾ ಎನ್ನುವವರನ್ನು ಅಂದೇ ಮೊದಲು ಕಂಡದ್ದು. ಎರಡು ತಿಂಗಳು ನಾಲ್ಕು ಬಗೆಯ ಔಷಧ, ಆಮೇಲೆ ನಾಲ್ಕು ತಿಂಗಳು ಮೂರು ಬಗೆಯದು, ಎಲ್ಲ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಉಚಿತವಾಗಿ. ಅಣ್ಣ ಹದಿನಾರನೇ ದಿನ ಪುಣೆಯ ರೈಲು ಹತ್ತಿದ.

ಮಾತ್ರೆ ಮುಗಿದ ಮೇಲೆ ಇನ್ನೊಂದು ಪೆಟ್ ಸ್ಕ್ಯಾನ್ ಆಯಿತು. ಕ್ಷಯದ ಪ್ರತಿಯೊಬ್ಬರಿಗೂ ಇದು ಬೇಕಿಲ್ಲ, ಹಳೆಯ ಕ್ಯಾನ್ಸರ್ ಇದ್ದದ್ದರಿಂದ ವೈದ್ಯರು ಕೇಳಿದರು. ಹೋಲಿಸಲು ಅರ್ಥವಿರಬೇಕೆಂದು ಅದೇ ಯಂತ್ರದಲ್ಲಿ, ಅದೇ 60 ನಿಮಿಷ ಕಾಯಿಸಿ ಮಾಡಿದರು. ಮೊದಲ ಸ್ಕ್ಯಾನಿನ ಸಿಡಿಯನ್ನು ಅಣ್ಣ ಜೋಪಾನವಾಗಿ ಇಟ್ಟಿದ್ದ. ಈ ಸಲ ತೂಕ 58 ಕೆಜಿ, ಚುಚ್ಚಿದ್ದು 290 ಮೆಗಾ ಬೆಕ್ವೆರೆಲ್, ಗಂಟಿನಲ್ಲಿ ಅಳೆದದ್ದು ಮಿಲಿಲೀಟರ್‌ಗೆ 10,000. ಲೆಕ್ಕ ಮಾಡಿ ನೋಡಿ, 2.0 ಬರುತ್ತದೆ. ಯಕೃತ್ತಿಗಿಂತ ಸ್ವಲ್ಪ ಮಂಕು. ಪೂರ್ತಿ ಆರಿರಲಿಲ್ಲ. ಮಾಯುತ್ತಿರುವ ಗಂಟಿನಲ್ಲೂ ಕೆಲವು ಕಾಲ ಮ್ಯಾಕ್ರೋಫೇಜ್‌ಗಳು ಉಳಿದುಕೊಂಡು ಕಸ ಗುಡಿಸುತ್ತಿರುತ್ತವೆ. ಈ ಸಲ ಅಣ್ಣ ಪುಣೆಯಿಂದ ಫೋನ್ ಮಾಡಿ, 'ಲಿವರ್ ಎಷ್ಟಿದೆ?' ಎಂದು ಮೊದಲು ಕೇಳಿದ.